ಕೊನೆಯ ಆರ್ಡರಿನ ಬೆಲೆ

ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಜಾಹೀರಾತಿನ ಮೇಲೆ ವ್ಯಾಪಾರ ನಡೆಸುವವರು ದಿನವೂ ನೋಡುವ ಅಂಕಿ ಒಂದೇ: ಒಂದು ಆರ್ಡರಿಗೆ ಸರಾಸರಿ ಎಷ್ಟು ಜಾಹೀರಾತು ಖರ್ಚು ಬಿತ್ತು ಎಂಬುದು. ಆ ಸರಾಸರಿ ಲಾಭದೊಳಗಿದ್ದರೆ ಬಜೆಟ್ ಏರಿಸುತ್ತಾರೆ. ಹೀಗೆ ಏರಿಸುವಾಗ ಲಾಭ ಕಡಿಮೆಯಾಗುತ್ತಿದ್ದರೂ ಸರಾಸರಿ ಅದನ್ನು ಹೇಳುವುದಿಲ್ಲ. ಏಕೆ ಎಂಬುದನ್ನು ಒಂದು ಲೆಕ್ಕದಲ್ಲೇ ನೋಡೋಣ.

ಹುಬ್ಬಳ್ಳಿಯಿಂದ ಇಳಕಲ್ ಸೀರೆಗಳನ್ನು ಆನ್‌ಲೈನಿನಲ್ಲಿ ಮಾರುವ ಒಂದು ಸಣ್ಣ ಅಂಗಡಿ ಇದೆ ಎಂದಿಟ್ಟುಕೊಳ್ಳಿ. ಜಾಹೀರಾತಿಗೆ ದಿನಕ್ಕೆ 3,000 ರೂಪಾಯಿ ಹಾಕುತ್ತಾರೆ, ದಿನಕ್ಕೆ 10 ಆರ್ಡರ್ ಬರುತ್ತವೆ. ಅಂದರೆ ಆರ್ಡರಿಗೆ 300 ರೂಪಾಯಿ. ಜಾಹೀರಾತಿನ ಖರ್ಚು ಬಿಟ್ಟು ಉಳಿದೆಲ್ಲ ಖರ್ಚು ಕಳೆದರೆ ಒಂದು ಆರ್ಡರಿನಿಂದ ಅವರಿಗೆ 480 ರೂಪಾಯಿ ಉಳಿಯುತ್ತದೆ. ಅಲ್ಲಿಗೆ ದಿನದ ಲಾಭ 1,800 ರೂಪಾಯಿ. ಚೆನ್ನಾಗಿ ನಡೆಯುತ್ತಿದೆಯಲ್ಲ ಎಂದು ಬಜೆಟ್ಟನ್ನು 4,500ಕ್ಕೆ ಏರಿಸುತ್ತಾರೆ. ಈಗ ದಿನಕ್ಕೆ ಸರಾಸರಿ 12.5 ಆರ್ಡರ್ ಬರುತ್ತವೆ, ಆರ್ಡರಿಗೆ 360 ರೂಪಾಯಿ ಬೀಳುತ್ತದೆ. 360 ಎಂಬುದು 480ಕ್ಕಿಂತ ಎಷ್ಟೋ ಕಡಿಮೆ, ಹಾಗಾಗಿ ಎಲ್ಲವೂ ಸರಿಯಾಗಿಯೇ ಇದೆ ಅನ್ನಿಸುತ್ತದೆ. ಆದರೆ ದಿನದ ಲಾಭ ಈಗ 1,500 ರೂಪಾಯಿ. ವ್ಯಾಪಾರ ಹೆಚ್ಚಾಗಿದೆ, ಪ್ಯಾಕಿಂಗ್ ಕೆಲಸ ಹೆಚ್ಚಾಗಿದೆ, ಕೈಗೆ ಸಿಗುವುದು 300 ರೂಪಾಯಿ ಕಡಿಮೆಯಾಗಿದೆ.

ಹೆಚ್ಚುವರಿ 1,500 ರೂಪಾಯಿ ತಂದದ್ದು ಎರಡೂವರೆ ಆರ್ಡರ್ ಮಾತ್ರ. ಅಂದರೆ ಆ ಹೊಸ ಆರ್ಡರುಗಳಿಗೆ ಒಂದೊಂದಕ್ಕೆ 600 ರೂಪಾಯಿ ಕೊಟ್ಟಂತಾಯಿತು. 480 ಉಳಿಸಿಕೊಡುವ ಆರ್ಡರಿಗೆ 600 ಕೊಟ್ಟರೆ ಪ್ರತಿಯೊಂದರಲ್ಲೂ 120 ರೂಪಾಯಿ ನಷ್ಟ. ಮೊದಲಿನ ಅಗ್ಗದ ಹತ್ತು ಆರ್ಡರುಗಳ ಜೊತೆ ಬೆರೆತು ಆ ನಷ್ಟ ಸರಾಸರಿಯೊಳಗೆ ಮರೆಯಾಗುತ್ತದೆ. ಬಿಡ್ಡಿಂಗ್ ತಂತ್ರವನ್ನು ಆರಿಸುವುದು, ವೆಚ್ಚಕ್ಕೆ ಮಿತಿ ಹಾಕುವುದು ಎಂದರೆ ಮೂಲದಲ್ಲಿ ಇದೊಂದೇ ಪ್ರಶ್ನೆ: ಕೊನೆಯ ಆರ್ಡರಿಗೆ ಎಷ್ಟರವರೆಗೆ ಕೊಡಬಹುದು?

ಹರಾಜಿನ ಒಳಗೆ

ಮೆಟಾ ಕಂಪನಿಯ ಜಾಹೀರಾತು ಜಾಗಕ್ಕೆ ನಿಗದಿತ ದರವಿಲ್ಲ. ಒಬ್ಬರು ಮೊಬೈಲಿನಲ್ಲಿ ಇನ್‌ಸ್ಟಾಗ್ರಾಂ ತೆರೆದು ಬೆರಳಾಡಿಸುವಾಗ ಜಾಹೀರಾತಿಗೆ ಒಂದು ಜಾಗ ಬಂದರೆ, ಆ ಕ್ಷಣದಲ್ಲೇ ಒಂದು ಹರಾಜು ನಡೆದು ಮುಗಿಯುತ್ತದೆ. ಅದರಲ್ಲಿ ಗೆಲ್ಲುವುದಕ್ಕೆ ಹಣವೊಂದೇ ಸಾಲದು. ಜಾಹೀರಾತುದಾರನ ಬಿಡ್ಡನ್ನು, ಈ ವ್ಯಕ್ತಿ ಈ ಜಾಹೀರಾತು ನೋಡಿ ಖರೀದಿ ಮಾಡುವ ಸಾಧ್ಯತೆಯ ಅಂದಾಜಿನಿಂದ ಗುಣಿಸಿ, ಅದಕ್ಕೆ ಜಾಹೀರಾತಿನ ಗುಣಮಟ್ಟದ ಅಂಶವನ್ನು ಕೂಡಿಸುತ್ತಾರೆ. ಆ ಒಟ್ಟು ಮೌಲ್ಯ ಯಾರದ್ದು ಹೆಚ್ಚೋ ಅವರ ಜಾಹೀರಾತು ಕಾಣುತ್ತದೆ.

ಖರೀದಿಯೊಂದಕ್ಕೆ ನಮ್ಮ ಬಿಡ್ 400 ರೂಪಾಯಿ ಎನ್ನಿ. ಒಬ್ಬರು ಖರೀದಿಸುವ ಸಾಧ್ಯತೆ ಸಾವಿರಕ್ಕೆ ಒಂದು ಎಂದು ವ್ಯವಸ್ಥೆ ಅಂದಾಜಿಸಿದರೆ, ಅವರಿಗೆ ಒಮ್ಮೆ ಜಾಹೀರಾತು ತೋರಿಸಲು ನಾವು 40 ಪೈಸೆ ಮುಂದಿಟ್ಟಂತೆ. ಇನ್ನೊಬ್ಬರ ಸಾಧ್ಯತೆ ಸಾವಿರಕ್ಕೆ ಎರಡು ಎಂದಾದರೆ 80 ಪೈಸೆ. ಹಾಗಾಗಿ ಹರಾಜಿನಲ್ಲಿ ನಮ್ಮ ಶಕ್ತಿ ಅರ್ಧ ನಮ್ಮ ಬಿಡ್ಡಿನಲ್ಲಿದ್ದರೆ, ಇನ್ನರ್ಧ ಆ ಅಂದಾಜಿನಲ್ಲಿದೆ. ಅಂದಾಜು ಹುಟ್ಟುವುದು ಹಿಂದಿನ ಖರೀದಿಗಳಿಂದ. ಖರೀದಿಗಳೇ ಇಲ್ಲದ ಹೊಸ ಕ್ಯಾಂಪೇನಿಗೆ ವೆಚ್ಚದ ಮಿತಿ ಹಾಕಬಾರದು ಎನ್ನುವುದಕ್ಕೆ ಕಾರಣ ಇದೇ. ಅಂದಾಜು ಇನ್ನೂ ಗಟ್ಟಿಯಾಗದಿರುವಾಗ ಮಿತಿಯನ್ನೂ ಹೇರಿದರೆ, ವ್ಯವಸ್ಥೆಗೆ ಕಲಿಯಲು ಬೇಕಾದಷ್ಟು ಹರಾಜುಗಳನ್ನು ಗೆಲ್ಲುವ ಅವಕಾಶವೇ ಸಿಗುವುದಿಲ್ಲ.

ಮಿತಿಯಿಲ್ಲದೆ ಓಡುವ ಕ್ಯಾಂಪೇನಿನಲ್ಲಿ ಬಿಡ್ಡನ್ನು ಯಾರು ತೀರ್ಮಾನಿಸುತ್ತಾರೆ? ವ್ಯವಸ್ಥೆಯೇ. ಮೆಟಾದ ಪರದೆಯಲ್ಲಿ ಈ ಆಯ್ಕೆಯ ಹೆಸರು Highest volume. ಕೊಟ್ಟ ಬಜೆಟ್ಟನ್ನು ಪೂರ್ತಿ ಖರ್ಚು ಮಾಡಿ ಆದಷ್ಟು ಹೆಚ್ಚು ಖರೀದಿ ತರುವುದು ಅದರ ಕೆಲಸ. ಬಜೆಟ್ ಚಿಕ್ಕದಾಗಿದ್ದರೆ ಬಿಡ್ ಕಡಿಮೆ ಇಟ್ಟು ಅಗ್ಗದ ಅವಕಾಶಗಳನ್ನಷ್ಟೇ ಆರಿಸಿಕೊಳ್ಳುತ್ತದೆ. ಬಜೆಟ್ ದೊಡ್ಡದಾದಂತೆ ಅಷ್ಟೂ ಹಣ ಖರ್ಚಾಗಬೇಕಾದ್ದರಿಂದ ಬಿಡ್ಡನ್ನು ಏರಿಸುತ್ತ ಹೋಗಿ, ದುಬಾರಿ ಅವಕಾಶಗಳಿಗೂ ಕೈಚಾಚುತ್ತದೆ. ನಮ್ಮ ಸೀರೆ ಅಂಗಡಿಯಲ್ಲಿ ಆದದ್ದು ಇದೇ. ಇದರಲ್ಲಿ ವ್ಯವಸ್ಥೆಯ ತಪ್ಪೇನೂ ಇಲ್ಲ. ಖರ್ಚು ಮಾಡು ಎಂದು ಹೇಳಿದ್ದೆವು, ಎಲ್ಲಿ ನಿಲ್ಲಬೇಕೆಂದು ಹೇಳಿರಲಿಲ್ಲ.

ಮಿತಿ ಹೇಳುವ ಎರಡು ಬಗೆ

ಎಲ್ಲಿ ನಿಲ್ಲಬೇಕೆಂದು ಹೇಳಲು ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದರ ಹೆಸರು Cost per result goal. ಇದನ್ನು ಹಿಂದೆ ಕಾಸ್ಟ್ ಕ್ಯಾಪ್ ಎನ್ನುತ್ತಿದ್ದರು, ಈಗಲೂ ಕೆಲಸದವರ ಬಾಯಲ್ಲಿ ಅದೇ ಹೆಸರು. ಇಲ್ಲಿ ನಾವು ಕೊಡುವ ಅಂಕಿ ಸರಾಸರಿಯ ಗುರಿ. 320 ಎಂದು ಬರೆದರೆ, ಕೆಲವು ಆರ್ಡರ್ 200ಕ್ಕೆ ಬರಬಹುದು, ಕೆಲವು 480ಕ್ಕೆ ಬರಬಹುದು. ಒಟ್ಟಾರೆ ಸರಾಸರಿಯನ್ನು 320ರ ಆಸುಪಾಸಿನಲ್ಲಿ ಇಡಲು ವ್ಯವಸ್ಥೆ ಪ್ರಯತ್ನಿಸುತ್ತದೆ. ಪ್ರಯತ್ನವೇ ಹೊರತು ಖಾತರಿಯಲ್ಲ.

ಎರಡನೆಯದು Bid cap. ಇಲ್ಲಿ ಕೊಡುವ ಅಂಕಿ ಪ್ರತಿ ಹರಾಜಿನಲ್ಲೂ ದಾಟಬಾರದ ಮೇಲಿನ ಗೆರೆ. 480 ಎಂದರೆ, ಖರೀದಿಯೊಂದಕ್ಕೆ 480 ರೂಪಾಯಿಗಿಂತ ಹೆಚ್ಚಿನ ಬಿಡ್ಡನ್ನು ವ್ಯವಸ್ಥೆ ಎಲ್ಲಿಯೂ ಇಡುವುದಿಲ್ಲ. ಎಷ್ಟೋ ಹರಾಜುಗಳಲ್ಲಿ ಅದಕ್ಕಿಂತ ಕಡಿಮೆಗೆ ಜಾಗ ಸಿಗುವುದರಿಂದ ಸರಾಸರಿ ವೆಚ್ಚ 480ಕ್ಕಿಂತ ಕೆಳಗೇ ಇರುತ್ತದೆ.

ಈ ವ್ಯತ್ಯಾಸವನ್ನು ಸರಿಯಾಗಿ ಹಿಡಿಯದೆ ಎಡವುವವರು ಬಹಳ. ಒಂದೇ ಅಂಗಡಿಗೆ ಎರಡು ತಂತ್ರಗಳಲ್ಲಿ ಬರೆಯಬೇಕಾದ ಅಂಕಿಗಳು ಬೇರೆ ಬೇರೆ. ಆರ್ಡರಿನಿಂದ ಉಳಿಯುವ 480 ರೂಪಾಯಿಯನ್ನೇ ವೆಚ್ಚದ ಗುರಿಯಾಗಿ ಬರೆದರೆ, ಸರಾಸರಿ 480 ಆಗುವವರೆಗೂ ಖರ್ಚು ಮಾಡು ಎಂದು ಅನುಮತಿ ಕೊಟ್ಟಂತೆ. ಸರಾಸರಿ ಅಲ್ಲಿಗೆ ಮುಟ್ಟಿದ ದಿನ ಒಟ್ಟು ಲಾಭ ಸೊನ್ನೆ. ಅದೇ 480ನ್ನು ಬಿಡ್ಡಿನ ಮಿತಿಯಾಗಿ ಬರೆದರೆ ಅದು ಸರಿಯಾದ ಅಂಕಿ, ಏಕೆಂದರೆ ಬಿಡ್ ಎನ್ನುವುದು ಕೊನೆಯ ಆರ್ಡರಿಗೆ ಕೊಡಲು ಒಪ್ಪುವ ಬೆಲೆ. ಒಂದು ಆರ್ಡರ್ ನಮಗೆ ನಿಜಕ್ಕೂ ಎಷ್ಟು ಬಾಳುತ್ತದೋ ಅಷ್ಟನ್ನೇ ಬಿಡ್ಡಾಗಿ ಹೇಳುವುದು ಲಾಭಕರವಾಗಬೇಕು ಎಂಬುದು ಇಂಥ ಹರಾಜುಗಳ ಹಿಂದಿರುವ ತತ್ವ. ವಿಕ್ರಿ, ಕ್ಲಾರ್ಕ್, ಗ್ರೋವ್ಸ್ ಎಂಬ ಮೂವರು ಅರ್ಥಶಾಸ್ತ್ರಜ್ಞರ ಹೆಸರಿನಲ್ಲಿರುವ ಹರಾಜು ವಿಧಾನವನ್ನು ಮೆಟಾ ಆಧಾರವಾಗಿಟ್ಟುಕೊಂಡಿದೆ. ಅದರಲ್ಲಿ ಗೆದ್ದವರು ತಾವು ಹೇಳಿದಷ್ಟನ್ನೂ ಕೊಡಬೇಕಿಲ್ಲ, ತಮ್ಮಿಂದ ಜಾಗ ತಪ್ಪಿದವರ ಬೆಲೆಗೆ ತಕ್ಕಂತೆ ಕೊಟ್ಟರೆ ಸಾಕು. ಆ ವಿಕ್ರಿಯವರಿಗೆ 1996ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಬಿಡ್ ಮಿತಿಯೂ ಪೂರ್ತಿ ರಕ್ಷೆಯಲ್ಲ. ಸಾವಿರಕ್ಕೆ ಎರಡು ಎಂದು ಅಂದಾಜಿಸಿದ ಕಡೆ ನಿಜವಾಗಿ ಒಂದೇ ಖರೀದಿ ಬಂದರೆ, ಆ ಖರೀದಿಯ ವೆಚ್ಚ ನಾವು ಎಣಿಸಿದ್ದರ ಎರಡರಷ್ಟಾಗುತ್ತದೆ. ಮಿತಿ ಬೀಳುವುದು ಬಿಡ್ಡಿನ ಮೇಲೆ, ಅಂದಾಜಿನ ತಪ್ಪಿನ ಮೇಲೆ ಅಲ್ಲ. ಜೊತೆಗೆ ಪೈಪೋಟಿ ಬದಲಾದಂತೆ ಬಿಡ್ ಮಿತಿಯ ಕ್ಯಾಂಪೇನುಗಳ ಖರ್ಚು ಒಂದು ದಿನ ಉಕ್ಕಿ ಇನ್ನೊಂದು ದಿನ ಬತ್ತುತ್ತದೆ. ತನ್ನ ಲೆಕ್ಕ ಖಚಿತವಾಗಿರುವ, ದಿನವೂ ಗಮನ ಕೊಡಬಲ್ಲ ಅಂಗಡಿಗೆ ಅದು ಹೊಂದುತ್ತದೆ. ಉಳಿದವರಿಗೆ ವೆಚ್ಚದ ಗುರಿಯೇ ನಿಭಾಯಿಸಲು ಸುಲಭ.

ಸ್ಥಿರ ಅಂಕಿ ಎಂದರೆ ಯಾವುದು

ಮೆಟಾದ ಪ್ರಕಾರ ಒಂದು ಆಡ್ ಸೆಟ್ ಕಲಿಕೆಯ ಹಂತ ದಾಟಲು, ಕೊನೆಯ ದೊಡ್ಡ ಬದಲಾವಣೆಯಾದ ಮೇಲೆ ಒಂದು ವಾರದಲ್ಲಿ ಸುಮಾರು 50 ಫಲಿತಾಂಶ ಬೇಕು. ನಮ್ಮ ಅಂಗಡಿಗೆ ವಾರಕ್ಕೆ 70 ಬರುತ್ತಿವೆ, ಹಾಗಾಗಿ ಆ ಬಾಗಿಲು ದಾಟಿದೆ. ಆದರೆ ಅಷ್ಟರಿಂದಲೇ ಅಂಕಿ ಸ್ಥಿರ ಎನ್ನಲಾಗದು.

ದಿನಕ್ಕೆ ಸರಾಸರಿ 10 ಆರ್ಡರ್ ಬರುವಲ್ಲಿ ಏನೂ ಬದಲಾಗದೆಯೇ ಒಂದು ದಿನ 7, ಮತ್ತೊಂದು ದಿನ 13 ಬರುವುದು ಸಹಜ. 3,000 ರೂಪಾಯಿಯನ್ನು 7ರಿಂದ ಭಾಗಿಸಿದರೆ 428, 13ರಿಂದ ಭಾಗಿಸಿದರೆ 230. ಕ್ಯಾಂಪೇನ್ ನಿಂತಲ್ಲೇ ನಿಂತಿದ್ದರೂ ಪರದೆಯ ಮೇಲಿನ ವೆಚ್ಚ ಹೀಗೆ ಓಲಾಡುತ್ತದೆ. ಸೋಮವಾರ 428 ನೋಡಿ ಗಾಬರಿಯಾಗಿ ಮಿತಿ ಇಳಿಸುವವರು, ಮಂಗಳವಾರ 230 ನೋಡಿ ಬಜೆಟ್ ಏರಿಸುವವರು ಈ ಓಲಾಟದ ಹಿಂದೆ ಓಡುತ್ತಿರುತ್ತಾರೆ. ವಾರದ ಮಟ್ಟದಲ್ಲಿ ನೋಡಿದರೆ 70 ಆರ್ಡರು 62ಕ್ಕೂ 78ಕ್ಕೂ ನಡುವೆ ಆಡಬಹುದು. ಆಗ ವೆಚ್ಚ ಸುಮಾರು 270ರಿಂದ 340ರೊಳಗೆ ನಿಲ್ಲುತ್ತದೆ. ಎರಡು ವಾರ ಕೂಡಿಸಿ ನೋಡಿದರೆ ಇನ್ನೂ ಬಿಗಿ. ಹಾಗಾಗಿ ತೀರ್ಮಾನದ ಅಳತೆ ವಾರವೇ, ದಿನವಲ್ಲ.

ಇನ್ನೊಂದು ವಿಷಯವಿದೆ. ಇಂದು ಜಾಹೀರಾತು ಒತ್ತಿದವರು ನಾಲ್ಕು ದಿನ ಬಿಟ್ಟು ಕೊಳ್ಳಬಹುದು. ಸಾಮಾನ್ಯವಾಗಿ ಒತ್ತಿದ ಏಳು ದಿನದೊಳಗಿನ ಖರೀದಿಯನ್ನು ಆ ಜಾಹೀರಾತಿನ ಲೆಕ್ಕಕ್ಕೇ ಬರೆಯುವುದರಿಂದ ಇತ್ತೀಚಿನ ದಿನಗಳ ಅಂಕಿ ಇನ್ನೂ ತುಂಬುತ್ತಲೇ ಇರುತ್ತದೆ. ನಿನ್ನೆಯ ವೆಚ್ಚ ಯಾವಾಗಲೂ ನಿಜಕ್ಕಿಂತ ದುಬಾರಿಯಾಗಿ ಕಾಣುತ್ತದೆ. ಕಳೆದ ಎರಡು ಮೂರು ದಿನಗಳನ್ನು ಬದಿಗಿಟ್ಟು ಅದರ ಹಿಂದಿನ ಎರಡು ವಾರಗಳನ್ನು ನೋಡುವುದು ಒಳ್ಳೆಯದು.

ಕೊನೆಯದಾಗಿ, ಮೆಟಾ ತೋರಿಸುವ ಆರ್ಡರುಗಳನ್ನು ಅಂಗಡಿಯ ಪುಸ್ತಕದ ಆರ್ಡರುಗಳ ಜೊತೆ ಹೋಲಿಸಬೇಕು. 2021ರ ಏಪ್ರಿಲಿನಲ್ಲಿ ಆಪಲ್ ತನ್ನ ಫೋನುಗಳಲ್ಲಿ ಆ್ಯಪ್‌ಗಳು ಹಿಂಬಾಲಿಸುವುದಕ್ಕೆ ಬಳಕೆದಾರರ ಒಪ್ಪಿಗೆ ಕಡ್ಡಾಯ ಮಾಡಿದ ಮೇಲೆ ಎಷ್ಟೋ ಖರೀದಿಗಳು ನೇರವಾಗಿ ಲೆಕ್ಕಕ್ಕೆ ಸಿಗುವುದಿಲ್ಲ. ಎರಡು ಲೆಕ್ಕಗಳ ನಡುವೆ ಅಂತರವಿರುವುದು ಸಮಸ್ಯೆಯಲ್ಲ. ಆ ಅಂತರ ವಾರದಿಂದ ವಾರಕ್ಕೆ ಬದಲಾಗುತ್ತಿದ್ದರೆ ಅದು ಸಮಸ್ಯೆ. ಹಾಗಿದ್ದಾಗ ಯಾವ ಮಿತಿ ಹಾಕಿದರೂ ಅದು ಅಲುಗಾಡುವ ನೆಲದ ಮೇಲೆ ನಿಂತಂತೆ.

480 ಬಂದದ್ದು ಹೇಗೆ

ಮಿತಿಯ ಅಂಕಿ ಆಸೆಯಿಂದ ಬರಬಾರದು, ಪುಸ್ತಕದಿಂದ ಬರಬೇಕು. ನಮ್ಮ ಅಂಗಡಿಯಲ್ಲಿ ಒಂದು ಸೀರೆಗೆ ತೆರಿಗೆ ಕಳೆದು ಕೈಗೆ ಬರುವುದು 1,400 ರೂಪಾಯಿ. ನೇಕಾರರಿಗೆ ಕೊಡುವುದು 620, ಪ್ಯಾಕಿಂಗ್ ಮತ್ತು ಕೊರಿಯರಿಗೆ 120. ಹಾಗಾದರೆ ಗಿರಾಕಿಯ ಕೈ ಸೇರಿದ ಒಂದು ಸೀರೆಯಿಂದ 660 ರೂಪಾಯಿ ಉಳಿಯುತ್ತದೆ. ಹೆಚ್ಚಿನವರು ಇಲ್ಲಿಗೇ ಲೆಕ್ಕ ನಿಲ್ಲಿಸಿಬಿಡುತ್ತಾರೆ.

ಆದರೆ ನಮ್ಮಲ್ಲಿ ಬಹಳಷ್ಟು ಆರ್ಡರುಗಳು ಕ್ಯಾಶ್ ಆನ್ ಡೆಲಿವರಿ. ಪಿಕ್ಸೆಲ್ ಖರೀದಿ ಎಂದು ಎಣಿಸುವುದು ಆರ್ಡರ್ ಒತ್ತಿದ ಕ್ಷಣವನ್ನು. ಕೊರಿಯರಿನವರು ಬಾಗಿಲಿಗೆ ಬಂದಾಗ ಬೇಡ ಎಂದರೆ ಅದು ಅಲ್ಲಿ ಕಳೆಯುವುದಿಲ್ಲ. ಈ ಅಂಗಡಿಯಲ್ಲಿ 100 ಆರ್ಡರಿಗೆ 20 ವಾಪಸ್ ಬರುತ್ತವೆ ಎನ್ನೋಣ. ವಾಪಸಾದ ಪ್ರತಿಯೊಂದಕ್ಕೂ ಹೋಗುವ ಖರ್ಚು 120, ಬರುವ ಖರ್ಚು 120, ಒಟ್ಟು 240 ನಷ್ಟ. ತಲುಪಿದ 80 ಸೀರೆಗಳಿಂದ 52,800 ಬಂತು, ವಾಪಸಾದ 20ರಿಂದ 4,800 ಹೋಯಿತು. ಉಳಿದ 48,000ವನ್ನು 100 ಆರ್ಡರಿಗೆ ಹಂಚಿದರೆ ಒಂದಕ್ಕೆ 480. ಮೆಟಾ ಎಣಿಸುವುದು ಆ 100ನ್ನು, ಹಾಗಾಗಿ ನಮ್ಮ ಮಿತಿಯೂ ಆ 100ರ ಲೆಕ್ಕದಲ್ಲೇ ಇರಬೇಕು. 660 ಎಂದುಕೊಂಡು ಮಿತಿ ಹಾಕಿದ ಅಂಗಡಿಗೆ ಆರ್ಡರಿಗೆ 180 ರೂಪಾಯಿಯ ತಪ್ಪು ಮೊದಲ ದಿನದಿಂದಲೇ ಅಂಟಿಕೊಂಡಿರುತ್ತದೆ. ಅಂಗಡಿಯ ಬಾಡಿಗೆ, ಸಂಬಳ ಇಲ್ಲಿ ಸೇರುವುದಿಲ್ಲ. ಒಂದು ಆರ್ಡರ್ ಹೆಚ್ಚಾದರೆ ಅವು ಹೆಚ್ಚಾಗುವುದಿಲ್ಲವಲ್ಲ.

ಈಗ ಬಿಡ್ ಮಿತಿಗೆ 480 ಸಿಕ್ಕಿತು. ವೆಚ್ಚದ ಗುರಿಗೆ ಏನು ಬರೆಯಬೇಕು? ಅದಕ್ಕೆ, ಕೊನೆಯ ಆರ್ಡರ್ 480ಕ್ಕೆ ಬರುವ ಹೊತ್ತಿಗೆ ಸರಾಸರಿ ಎಷ್ಟಿರುತ್ತದೆ ಎಂದು ತಿಳಿಯಬೇಕು. ಇದನ್ನು ಬಜೆಟ್ಟನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ಪ್ರತಿ ಮೆಟ್ಟಿಲಲ್ಲೂ ಎರಡು ವಾರ ನಿಂತು ನೋಡಬೇಕಾಗುತ್ತದೆ. ನಮ್ಮ ಅಂಗಡಿ 3,000ದಿಂದ ನೇರ 4,500ಕ್ಕೆ ಹಾರುವ ಬದಲು ನಡುವೆ 3,750ರಲ್ಲಿ ನಿಂತಿತ್ತು ಎನ್ನೋಣ. ಅಲ್ಲಿ ದಿನಕ್ಕೆ 11.5 ಆರ್ಡರ್ ಬಂದವು. ಮೊದಲ 750 ರೂಪಾಯಿ ಒಂದೂವರೆ ಆರ್ಡರ್ ತಂದಿತು, ಅಂದರೆ ಒಂದಕ್ಕೆ 500. ಮುಂದಿನ 750 ತಂದದ್ದು ಒಂದೇ ಆರ್ಡರ್, ಅದಕ್ಕೆ ಬಿದ್ದದ್ದು 750. ಹಾಗಾದರೆ 480ರ ಗೆರೆ 3,750ಕ್ಕಿಂತ ತುಸು ಕೆಳಗೇ ಇದೆ. ಅಲ್ಲಿ ಸರಾಸರಿ ಸುಮಾರು 320. ವೆಚ್ಚದ ಗುರಿಗೆ ಬರೆಯಬೇಕಾದ ಅಂಕಿ ಅದು. ಹೀಗೆ ವ್ಯತ್ಯಾಸಗಳನ್ನು ಭಾಗಿಸಿ ತೆಗೆದ ಅಂಕಿಯಲ್ಲಿ ಆಕಸ್ಮಿಕದ ಪಾಲೂ ಇರುತ್ತದೆ, ಆದ್ದರಿಂದ 320 ಎಂದರೆ 300 ಮತ್ತು 340ರ ನಡುವೆ ಎಲ್ಲೋ ಎಂದು ಓದಿಕೊಳ್ಳಬೇಕು. ಆದರೂ ಇದು 480ರ ಹತ್ತಿರವೂ ಇಲ್ಲ ಎಂಬುದಂತೂ ಸ್ಪಷ್ಟ.

ಸೀರೆಗಳ ಬೆಲೆ 700ರಿಂದ 9,000ದವರೆಗೆ ಹರಡಿಕೊಂಡಿದ್ದರೆ ಆರ್ಡರಿಗೆ ಇಷ್ಟು ಎಂಬ ಮಿತಿ ಅರ್ಥ ಕಳೆದುಕೊಳ್ಳುತ್ತದೆ. ಆಗ ಖರ್ಚಿಗೆ ಎಷ್ಟು ಪಟ್ಟು ವ್ಯಾಪಾರ ಬರಬೇಕು ಎಂದು ಹೇಳುವ ROAS goal ಇದೆ. ಅದಕ್ಕೂ ಇದೇ ತರ್ಕ ಅನ್ವಯಿಸುತ್ತದೆ. ಅದೂ ಸರಾಸರಿಯ ಗುರಿಯೇ ಆದ್ದರಿಂದ, ಲಾಭ ಸೊನ್ನೆಯಾಗುವ ಪಟ್ಟಿಗಿಂತ ಸಾಕಷ್ಟು ಮೇಲೆ ಬರೆಯಬೇಕು. ಖರೀದಿಯ ಜೊತೆ ಅದರ ಮೊತ್ತವೂ ಮೆಟಾಗೆ ಸರಿಯಾಗಿ ತಲುಪುತ್ತಿರಬೇಕು.

ಬದಲಾಯಿಸುವ ಕ್ರಮ

ಓಡುತ್ತಿರುವ ಆಡ್ ಸೆಟ್ಟಿನ ತಂತ್ರವನ್ನೇ ತಿದ್ದಿದರೆ ಅದು ದೊಡ್ಡ ಬದಲಾವಣೆಯೆಂದು ಎಣಿಕೆಯಾಗಿ ಕಲಿಕೆ ಮತ್ತೆ ಶುರುವಾಗುತ್ತದೆ. ಚೆನ್ನಾಗಿ ನಡೆಯುತ್ತಿರುವುದನ್ನು ಮುಟ್ಟದೆ, ಅದರ ನಕಲು ಮಾಡಿ ಆ ನಕಲಿಗೆ ಮಿತಿ ಹಾಕುವುದು ಕ್ಷೇಮ. ಎರಡೂ ಒಂದೇ ಜನರನ್ನು ಹುಡುಕುತ್ತಿದ್ದರೆ ಮೆಟಾ ಪ್ರತಿ ಹರಾಜಿಗೆ ಅವುಗಳಲ್ಲಿ ಒಂದನ್ನಷ್ಟೇ ಕಳಿಸುತ್ತದೆ, ಹಾಗಾಗಿ ಒಂದು ಇನ್ನೊಂದರ ಅನ್ನ ಕಸಿಯಬಹುದು. ಶುದ್ಧ ಹೋಲಿಕೆ ಬೇಕಿದ್ದರೆ ಮೆಟಾದ A/B ಪರೀಕ್ಷೆಯನ್ನು ಬಳಸಬೇಕು. ಅದು ನೋಡುಗರನ್ನೇ ಎರಡು ಗುಂಪಾಗಿ ವಿಂಗಡಿಸುತ್ತದೆ.

ಮೊದಲ ದಿನವೇ 320 ಬರೆಯಬೇಕಿಲ್ಲ. ಈಗಿನ ಸರಾಸರಿಗಿಂತ ನೂರಕ್ಕೆ ಹತ್ತು ಹದಿನೈದರಷ್ಟು ಮೇಲೆ, ಅಂದರೆ 340ರ ಸುಮಾರಿನಲ್ಲಿ ಶುರುಮಾಡಿ ವ್ಯವಸ್ಥೆಗೆ ಉಸಿರಾಡಲು ಜಾಗ ಕೊಡುವುದು ಕೆಲಸದವರ ರೂಢಿ. ಒಂದು ವಾರ ಪೂರ್ತಿ ಮುಟ್ಟಬಾರದು. ಆಮೇಲೆ ವಾರಕ್ಕೊಮ್ಮೆ, ನೂರಕ್ಕೆ ಐದರಿಂದ ಹತ್ತರಷ್ಟು ಮಾತ್ರ ಸರಿಸಬೇಕು. ದಿನದ ಬಜೆಟ್ ಮಿತಿಯ ಐದು ಪಟ್ಟಾದರೂ ಇರಲಿ. ದಿನಕ್ಕೆ ಎರಡು ಮೂರು ಆರ್ಡರಿಗೆ ಮಾತ್ರ ಸಾಲುವಷ್ಟು ಹಣವಿದ್ದರೆ ಸರಾಸರಿ ಹಿಡಿಯಲು ವ್ಯವಸ್ಥೆಗೆ ಆಸ್ಪದವೇ ಇರುವುದಿಲ್ಲ.

ಎಡವುವ ಜಾಗಗಳು

ಮಿತಿ ಹಾಕಿದವರ ಮೊದಲ ದೂರು, ಹಣ ಖರ್ಚೇ ಆಗುತ್ತಿಲ್ಲ ಎಂಬುದು. 3,000 ಇಟ್ಟಲ್ಲಿ 400 ಖರ್ಚಾಗಿದೆ, ಜಾಹೀರಾತು ಕಂಡವರ ಸಂಖ್ಯೆ ಕುಸಿದಿದೆ. ಶುರುವಿನಲ್ಲೇ ಹೀಗಾದರೆ ಮಿತಿ ಮಾರುಕಟ್ಟೆಯ ಬೆಲೆಗಿಂತ ಕೆಳಗಿದೆ ಎಂದರ್ಥ. 10, 15 ರೂಪಾಯಿಯ ಚಿಕ್ಕ ಹೆಜ್ಜೆಗಳಲ್ಲಿ ಏರಿಸಿ ನೋಡಬಹುದು. ಆದರೆ ಲೆಕ್ಕ ಹೇಳಿದ ಗೆರೆಯಾಚೆಗೆ ಏರಿಸಬಾರದು.

ಒಂದೂವರೆ ತಿಂಗಳು ಚೆನ್ನಾಗಿ ಖರ್ಚಾಗಿ, ಆಮೇಲೆ ವಾರದಿಂದ ವಾರಕ್ಕೆ ಇಳಿಯುತ್ತ ಬಂದರೆ ಕಥೆ ಬೇರೆ. ಆಗ ಒಬ್ಬರೇ ಎಷ್ಟು ಬಾರಿ ಜಾಹೀರಾತು ನೋಡಿದ್ದಾರೆ ಎಂದು ಹೇಳುವ Frequency ಕಾಲಮ್ಮನ್ನೂ ಒತ್ತುವವರ ಪ್ರಮಾಣವನ್ನೂ ನೋಡಬೇಕು. ಮೊದಲನೆಯದು ಏರುತ್ತ ಎರಡನೆಯದು ಇಳಿಯುತ್ತಿದ್ದರೆ ಜನಕ್ಕೆ ಆ ಜಾಹೀರಾತು ಸಾಕಾಗಿದೆ. ಖರೀದಿಯ ಅಂದಾಜು ತಗ್ಗಿದೆ, ಅದೇ ಮಿತಿಯಲ್ಲಿ ಹರಾಜು ಗೆಲ್ಲಲಾಗುತ್ತಿಲ್ಲ. ಇಲ್ಲಿ ಮಿತಿ ಏರಿಸುವುದೆಂದರೆ ಜ್ವರ ಬಂದಾಗ ಥರ್ಮಾಮೀಟರಿನ ಗೆರೆ ಅಳಿಸಿದ ಹಾಗೆ. ಬೇಕಾಗಿರುವುದು ಹೊಸ ವಿಡಿಯೊ, ಹೊಸ ಫೋಟೊ, ಬೇರೆ ಸೀರೆ.

ಖರ್ಚು ಒಂದೆರಡು ದಿನದಲ್ಲಿ ಥಟ್ಟನೆ ನಿಂತರೆ ಮೊದಲು ಅನುಮಾನಿಸಬೇಕಾದ್ದು ಪಿಕ್ಸೆಲ್ಲನ್ನು. ವೆಬ್‌ಸೈಟಿನ ಪೇಮೆಂಟ್ ಪುಟ ಬದಲಾದಾಗ ಖರೀದಿಯ ಸುದ್ದಿ ಮೆಟಾಗೆ ತಲುಪುವುದು ನಿಂತಿರಬಹುದು. ಅಂಗಡಿಯ ಪುಸ್ತಕದಲ್ಲಿ ಆರ್ಡರುಗಳಿವೆ, Events Manager ಪರದೆಯಲ್ಲಿ ಇಲ್ಲ ಎಂದರೆ ಅದೇ ಕಾರಣ. ಮಿತಿಯಿರುವ ಕ್ಯಾಂಪೇನ್ ಇಂಥ ಹೊತ್ತಿನಲ್ಲಿ ತಾನಾಗಿ ಕುಗ್ಗುತ್ತದೆ. ಮಿತಿಯಿಲ್ಲದ್ದು ಕುರುಡಾಗಿ ಖರ್ಚು ಮಾಡುತ್ತಲೇ ಹೋಗುತ್ತದೆ.

ನಮ್ಮ ದೇಶದ ವ್ಯಾಪಾರದಲ್ಲಿ ಇವೆಲ್ಲಕ್ಕಿಂತ ಅಪಾಯಕಾರಿಯಾದದ್ದು ಬೇರೊಂದಿದೆ, ಅದು ಯಶಸ್ಸಿನ ವೇಷದಲ್ಲಿ ಬರುತ್ತದೆ. ಮಿತಿ ಬಿಗಿಯಾದಂತೆ ವ್ಯವಸ್ಥೆ ಅಗ್ಗದ ಆರ್ಡರುಗಳನ್ನು ಹುಡುಕುತ್ತದೆ. ಮುಂಗಡ ಹಣವಿಲ್ಲದೆ ಸುಮ್ಮನೆ ಆರ್ಡರ್ ಒತ್ತಿ, ಆಮೇಲೆ ಬಾಗಿಲಲ್ಲಿ ಬೇಡ ಎನ್ನುವವರ ಆರ್ಡರು ಅಗ್ಗವಾಗಿಯೇ ಸಿಗುತ್ತದೆ. ಆಗ ವೆಚ್ಚ 300ರಿಂದ 270ಕ್ಕೆ ಇಳಿಯುತ್ತದೆ, ವಾಪಸಾತಿ 20ರಿಂದ 35ಕ್ಕೆ ಏರುತ್ತದೆ. ಅದೇ ಲೆಕ್ಕವನ್ನು ಮತ್ತೆ ಮಾಡಿ: ತಲುಪಿದ 65 ಸೀರೆಗಳಿಂದ 42,900, ವಾಪಸಾದ 35ರಿಂದ 8,400 ನಷ್ಟ. ಆರ್ಡರಿಗೆ ಉಳಿಯುವುದು 480 ಅಲ್ಲ, 345. ಮೊದಲು ಆರ್ಡರಿಗೆ 180 ರೂಪಾಯಿ ಲಾಭವಿತ್ತು, ಈಗ 75. ಮೆಟಾದ ಪರದೆಯಲ್ಲಿ ಮಾತ್ರ ಎಲ್ಲವೂ ಮೊದಲಿಗಿಂತ ಚೆನ್ನಾಗಿ ಕಾಣುತ್ತಿರುತ್ತದೆ.

ಇದನ್ನು ಹಿಡಿಯುವ ದಾರಿ ಎಂದರೆ ಪ್ರತಿ ಆರ್ಡರ್ ಯಾವ ಆಡ್ ಸೆಟ್ಟಿನಿಂದ ಬಂತು ಎಂದು ಲಿಂಕಿನಲ್ಲೇ ಗುರುತು ಹಾಕಿಟ್ಟು, ವಾಪಸಾತಿಯನ್ನು ಆಡ್ ಸೆಟ್ ಪ್ರಕಾರ ಎಣಿಸುವುದು. ಸರಿಪಡಿಸುವ ದಾರಿ ಎಂದರೆ ಮೆಟಾಗೆ ಕಳಿಸುವ ಸುದ್ದಿಯನ್ನೇ ಬದಲಾಯಿಸುವುದು. ಆರ್ಡರ್ ಒತ್ತಿದಾಗ ಅಲ್ಲ, ಫೋನಿನಲ್ಲೋ ವಾಟ್ಸ್‌ಆ್ಯಪಿನಲ್ಲೋ ಗಿರಾಕಿ ಖಚಿತಪಡಿಸಿದ ಮೇಲೆ Conversions API ಮೂಲಕ ಅಂಗಡಿಯ ಸರ್ವರಿನಿಂದ ಖರೀದಿ ಎಂದು ಕಳಿಸಬಹುದು. ವೆಬ್‌ಸೈಟಿನ ಘಟನೆಗಳನ್ನು ಏಳು ದಿನದೊಳಗೆ ಕಳಿಸಲು ಅವಕಾಶವಿದೆ. ಆಗ ವ್ಯವಸ್ಥೆ ಖಚಿತಪಡಿಸುವಂಥ ಜನರನ್ನು ಹುಡುಕಲು ಕಲಿಯುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಎಣಿಕೆಗೆ ಸಿಗುವ ಖರೀದಿಗಳು ಕಡಿಮೆಯಾಗುತ್ತವೆ. ವಾರಕ್ಕೆ 70ರಲ್ಲಿ 56 ಉಳಿದರೆ ನಡೆಯುತ್ತದೆ, 35 ಮಾತ್ರ ಉಳಿದರೆ ಕಲಿಕೆಗೆ ಬೇಕಾದ 50ರ ಕೆಳಗೆ ಬಿದ್ದಂತಾಗುತ್ತದೆ. ಎಣಿಕೆ ಬದಲಾದಾಗ ಮಿತಿಯನ್ನೂ ಮತ್ತೆ ಲೆಕ್ಕ ಹಾಕಬೇಕು. ಖಚಿತವಾದ ಆರ್ಡರ್ ಹೆಚ್ಚು ಬಾಳುತ್ತದೆ, ಅದಕ್ಕೆ ಹೆಚ್ಚು ಕೊಡಬಹುದು.

ಹಳೆಯ ಗಿರಾಕಿಗಳೂ ಇದೇ ರೀತಿ ಕಣ್ಣುಕಟ್ಟುತ್ತಾರೆ. ಜಾಹೀರಾತಿಲ್ಲದೆಯೂ ಕೊಳ್ಳಲಿದ್ದವರಿಗೆ ಜಾಹೀರಾತು ತೋರಿಸಿ ಅವರ ಖರೀದಿಯನ್ನು ತನ್ನ ಲೆಕ್ಕಕ್ಕೆ ಬರೆದುಕೊಳ್ಳುವುದು ಮಿತಿಯೊಳಗೆ ಉಳಿಯುವ ಅತಿ ಸುಲಭದ ದಾರಿ. ಮಿತಿ ಹಾಕುವ ಮೊದಲು ಈಗಾಗಲೇ ಕೊಂಡವರ ಪಟ್ಟಿಯನ್ನು ಆ ಆಡ್ ಸೆಟ್ಟಿನಿಂದ ಹೊರಗಿಡಬೇಕು.

ಯಾವಾಗ ಮಿತಿ ಬೇಡ

ಎಲ್ಲರಿಗೂ ಮಿತಿ ಬೇಕಿಲ್ಲ. ವಾರಕ್ಕೆ 50 ಖರೀದಿ ಬಾರದ ಕಡೆ ಅದು ಕಲಿಕೆಯನ್ನೇ ಕಟ್ಟಿಹಾಕುತ್ತದೆ. ಇನ್ನು ನಮ್ಮ ಅಂಗಡಿಯ ಬಳಿ ಇರುವುದೇ ದಿನಕ್ಕೆ 2,000 ರೂಪಾಯಿ, ಕೊನೆಯ ಆರ್ಡರೂ 350ಕ್ಕೆ ಬರುತ್ತಿದೆ ಎನ್ನಿ. ಆಗ ಬಜೆಟ್ಟೇ ಸಾಕಷ್ಟು ಬಿಗಿಯಾದ ಬೇಲಿ, ಮಿತಿಯಿಲ್ಲದ ತಂತ್ರವೇ ಒಳ್ಳೆಯದು. ಬಜೆಟ್ ಏರಿಸುತ್ತ ಹೋಗಿ, ಕೊನೆಯ ಆರ್ಡರಿನ ಬೆಲೆ ಅದರಿಂದ ಉಳಿಯುವ ಮೊತ್ತದ ಹತ್ತಿರ ಬರುವಲ್ಲಿ ಮಿತಿಯ ಅಗತ್ಯ ಹುಟ್ಟುತ್ತದೆ. ದಸರೆ, ದೀಪಾವಳಿಯಂಥ ಹೊತ್ತಿನಲ್ಲೂ ಅದು ಕೆಲಸಕ್ಕೆ ಬರುತ್ತದೆ. ಆಗ ದೊಡ್ಡ ಕಂಪನಿಗಳೆಲ್ಲ ಹರಾಜಿಗೆ ನುಗ್ಗಿ ಜಾಗದ ಬೆಲೆ ಏರುತ್ತದೆ, ಜೊತೆಗೆ ಜನ ಕೊಳ್ಳುವ ಮನಸ್ಸೂ ಹೆಚ್ಚುತ್ತದೆ. ಎರಡರಲ್ಲಿ ಯಾವುದು ಮೇಲಾಗುತ್ತದೆ ಎಂದು ಮೊದಲೇ ಊಹಿಸಬೇಕಿಲ್ಲ. ಆರ್ಡರಿಗೆ ಉಳಿಯುವ ಮೊತ್ತ ಬದಲಾಗದಿದ್ದರೆ ಮಿತಿಯೂ ಬದಲಾಗಬೇಕಿಲ್ಲ. ಕೊಳ್ಳುವವರು ಹೆಚ್ಚಿದರೆ ಖರ್ಚು ತಾನಾಗಿ ಏರುತ್ತದೆ, ಪೈಪೋಟಿ ಹೆಚ್ಚಿದರೆ ತಾನಾಗಿ ಇಳಿಯುತ್ತದೆ.

ಹಬ್ಬಕ್ಕೆ ರಿಯಾಯಿತಿ ಕೊಟ್ಟರೆ ಮಾತ್ರ ಮಿತಿ ಇಳಿಯಲೇಬೇಕು. 1,400ರ ಸೀರೆಗೆ 140 ರೂಪಾಯಿ ಬಿಟ್ಟುಕೊಟ್ಟರೆ, ತಲುಪುವ 80 ಸೀರೆಗಳಲ್ಲಿ 11,200 ಹೋಗಿ, ಆರ್ಡರಿಗೆ ಉಳಿಯುವುದು 480ರಿಂದ 368ಕ್ಕೆ ಬರುತ್ತದೆ. ರಿಯಾಯಿತಿಯ ದಿನಗಳಲ್ಲಿ ಆರ್ಡರ್ ಸುಲಭವಾಗಿ ಬರುತ್ತವೆ ಎಂದು ಮಿತಿ ಏರಿಸುವ ಅಂಗಡಿ ಎರಡೂ ಕಡೆಯಿಂದ ಕಳೆದುಕೊಳ್ಳುತ್ತದೆ.

ಮಿತಿ ಸರಿಯಾಗಿದ್ದು, ಜಾಹೀರಾತು ಹೊಸದಾಗಿದ್ದು, ಪಿಕ್ಸೆಲ್ ಸರಿಯಾಗಿದ್ದೂ ಬಜೆಟ್ಟಿನಲ್ಲಿ ಹಣ ಉಳಿದುಹೋಗುವ ವಾರಗಳಿವೆ. ಅದನ್ನು ಸೋಲೆಂದು ಎಣಿಸಿ ಮಿತಿ ಸಡಿಲಿಸುವ ಮನಸ್ಸಾಗುತ್ತದೆ. ಆದರೆ ಆ ಹಣ ಹೇಳುತ್ತಿರುವುದು ಇಷ್ಟೇ: ಈ ಬೆಲೆಗೆ ಕೊಳ್ಳುವಷ್ಟು ಜನ ಈ ವಾರ ಇಲ್ಲಿಲ್ಲ. ಉಳಿದ ಆ ದುಡ್ಡು ಹೊಸ ಫೋಟೊ ತೆಗೆಸಲಿಕ್ಕೆ, ಆರ್ಡರ್ ಖಚಿತಪಡಿಸಲು ಫೋನ್ ಮಾಡುವವರನ್ನು ಇಟ್ಟುಕೊಳ್ಳಲಿಕ್ಕೆ, ಮುಂಗಡ ಕೊಟ್ಟವರಿಗೆ ಚಿಕ್ಕ ರಿಯಾಯಿತಿ ಕೊಡಲಿಕ್ಕೆ ಬರುತ್ತದೆ. ವಾಪಸಾತಿ 20ರಿಂದ 12ಕ್ಕೆ ಇಳಿದರೆ ಆರ್ಡರಿಗೆ ಉಳಿಯುವುದು 480ರಿಂದ 552ಕ್ಕೆ ಏರುತ್ತದೆ. ನಿನ್ನೆ ದುಬಾರಿಯಾಗಿದ್ದ ಗಿರಾಕಿ ಆಗ ಲೆಕ್ಕದೊಳಗೆ ಬರುತ್ತಾರೆ, ಮಿತಿಯನ್ನು ನ್ಯಾಯವಾಗಿಯೇ ಏರಿಸಬಹುದು.